ಅಡಿಕೆ ವಿಮೆ: ಪರಿಹಾರದ ಲೆಕ್ಕವನ್ನು ನೀವೇ ಹಾಕಿಕೊಳ್ಳುವುದು ಹೇಗೆ?

ತೋಟದ ಅರ್ಧ ಅಡಿಕೆ ಕೊಳೆರೋಗಕ್ಕೆ ಉದುರಿದರೂ ವಿಮೆ ಬರಲಿಲ್ಲ, ಏನೂ ಹಾನಿಯಾಗದ ಪಕ್ಕದ ಪಂಚಾಯಿತಿಯವರ ಖಾತೆಗೆ ಮಾತ್ರ ದುಡ್ಡು ಬಿತ್ತು ಎಂಬ ದೂರು ಮಲೆನಾಡು, ಕರಾವಳಿಯ ಸೊಸೈಟಿಗಳಲ್ಲಿ ಆಗಾಗ ಕೇಳಿಬರುತ್ತದೆ. ಕೆಲವೊಮ್ಮೆ ಮಳೆಮಾಪಕ ಕೆಟ್ಟಿರುವುದು ಇದಕ್ಕೆ ಕಾರಣ. ಆದರೆ ಬಹಳಷ್ಟು ಸಲ ಲೆಕ್ಕ ಸರಿಯಾಗಿದ್ದೂ ಹೀಗೆ ಆಗುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಯಾರೂ ತೋಟಕ್ಕೆ ಬಂದು ಉದುರಿದ ಅಡಿಕೆ ಎಣಿಸುವುದಿಲ್ಲ. ನಿಮ್ಮ ಗ್ರಾಮ ಪಂಚಾಯಿತಿಯ ಮಳೆಮಾಪಕದಲ್ಲಿ ಎಷ್ಟು ಮಳೆ ದಾಖಲಾಯಿತು ಎಂಬುದೇ ಮುಖ್ಯವಾಗಿ ಪರಿಹಾರವನ್ನು ನಿರ್ಧರಿಸುತ್ತದೆ. ಆ ಲೆಕ್ಕವನ್ನು ಬೆಳೆಗಾರರೇ ಹಾಕಿ ನೋಡಬಹುದು.

ಕಂತು ಕಟ್ಟುವ ಮುನ್ನ

2016ರಲ್ಲಿ ಮರುವಿನ್ಯಾಸಗೊಂಡ ಈ ಯೋಜನೆಯಲ್ಲಿ ಅಡಿಕೆಗೆ ಈಚಿನ ವರ್ಷಗಳಲ್ಲಿ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತವಿದೆ. ರೈತರ ಪಾಲು ಅದರ ಶೇ 5, ಅಂದರೆ 6,400 ರೂಪಾಯಿ. ಉಳಿದ ಕಂತನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಭರಿಸುತ್ತವೆ. ಪಹಣಿಯಲ್ಲಿ 1 ಎಕರೆ 10 ಗುಂಟೆ ಅಡಿಕೆ ತೋಟವಿದೆ ಎಂದುಕೊಳ್ಳಿ. 50 ಗುಂಟೆ ಎಂದರೆ ಸುಮಾರು 0.506 ಹೆಕ್ಟೇರ್. ಈ ತೋಟದ ವಿಮಾ ಮೊತ್ತ ಸುಮಾರು 64,750 ರೂಪಾಯಿ, ನೀವು ಕಟ್ಟುವ ಕಂತು ಸುಮಾರು 3,238 ರೂಪಾಯಿ.

ಮೊದಲು ನಿಮ್ಮ ಪಂಚಾಯಿತಿಗೆ ಅಡಿಕೆ ಅಧಿಸೂಚಿತ ಬೆಳೆಯಾಗಿದೆಯೇ, ನೋಂದಣಿಗೆ ಕೊನೆಯ ದಿನ ಯಾವುದು ಎಂಬುದನ್ನು ಸೊಸೈಟಿಯಲ್ಲೋ ತಾಲ್ಲೂಕು ತೋಟಗಾರಿಕೆ ಕಚೇರಿಯಲ್ಲೋ ಕೇಳಿ. ಕೊನೆಯ ದಿನ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಬೆಳೆ ಸಾಲ ಇದ್ದವರಿಗೂ 2020ರಿಂದ ವಿಮೆ ಕಡ್ಡಾಯವಲ್ಲ. ಬೇಡವೆಂದಾದರೆ ಕೊನೆಯ ದಿನಕ್ಕೆ ಏಳು ದಿನ ಮೊದಲೇ ಬ್ಯಾಂಕಿಗೆ ಬರೆದುಕೊಡಬೇಕು. ಸುಮ್ಮನಿದ್ದರೆ ಕಂತು ಕಡಿತವಾಗುತ್ತದೆ.

ದಾಖಲೆಯ ವಿಷಯದಲ್ಲಿ ಹೆಚ್ಚಿನವರು ಎಡವುವುದು ಬೆಳೆ ಸಮೀಕ್ಷೆಯಲ್ಲಿ. ಪಹಣಿಯಲ್ಲಿ ಅಡಿಕೆ ಇದ್ದು, ಸಮೀಕ್ಷೆಯಲ್ಲಿ ಅದೇ ಸರ್ವೆ ನಂಬರಿಗೆ ಬೇರೆ ಬೆಳೆಯೋ ಕಡಿಮೆ ವಿಸ್ತೀರ್ಣವೋ ನಮೂದಾಗಿದ್ದರೆ ಅರ್ಜಿ ತಿರಸ್ಕೃತವಾಗಬಹುದು. ಅಡಿಕೆ ಮರಕ್ಕೆ ಕಾಳುಮೆಣಸು ಹಬ್ಬಿಸಿದ ಮಿಶ್ರ ತೋಟಗಳಲ್ಲಿ ಈ ಗೊಂದಲ ಹೆಚ್ಚು. ಕಂತು ಕಟ್ಟಿದ ಮೇಲೆ ರಸೀದಿಯಲ್ಲಿರುವ ಪಂಚಾಯಿತಿಯ ಹೆಸರನ್ನು ತಪ್ಪದೆ ನೋಡಿ. ಅಲ್ಲಿ ಮನೆಯಿರುವ ಪಂಚಾಯಿತಿಯ ಹೆಸರಲ್ಲ, ತೋಟದ ಸರ್ವೆ ನಂಬರ್ ಯಾವ ಪಂಚಾಯಿತಿಗೆ ಸೇರುತ್ತದೋ ಅದರ ಹೆಸರಿರಬೇಕು. ಇಲ್ಲಿ ತಪ್ಪಾದರೆ ವರ್ಷವಿಡೀ ಬೇರೆ ಊರಿನ ಮಳೆ ನಿಮ್ಮ ಲೆಕ್ಕಕ್ಕೆ ಬರುತ್ತದೆ. ಅರ್ಜಿಯ ಸ್ಥಿತಿಯನ್ನು samrakshane.karnataka.gov.in ತಾಣದಲ್ಲಿ ನೋಡಬಹುದು.

ಷರತ್ತು ಪಟ್ಟಿ ಕೇಳಿ ಪಡೆಯಿರಿ

ಪ್ರತಿ ಜಿಲ್ಲೆಯ ಪ್ರತಿ ಬೆಳೆಗೂ ‘ಟರ್ಮ್ ಶೀಟ್’ ಎಂಬ ಷರತ್ತು ಪಟ್ಟಿ ಇರುತ್ತದೆ. ವಿಮೆಯ ಜೀವಾಳ ಅದೇ. ಹೆಚ್ಚಿನ ಬೆಳೆಗಾರರು ಅದನ್ನು ಕಣ್ಣಿನಿಂದಲೂ ನೋಡಿರುವುದಿಲ್ಲ, ತೋರಿಸಬೇಕಾದವರು ತೋರಿಸುವುದೂ ಇಲ್ಲ. ಸರಳ ಕನ್ನಡದಲ್ಲಿ ಅದನ್ನು ಪ್ರತಿ ಸೊಸೈಟಿಯ ಗೋಡೆಗೆ ಅಂಟಿಸಬೇಕು. ಅಲ್ಲಿಯವರೆಗೆ ಸೊಸೈಟಿ, ತೋಟಗಾರಿಕೆ ಕಚೇರಿ ಅಥವಾ ವಿಮಾ ಕಂಪನಿಯ ತಾಲ್ಲೂಕು ಪ್ರತಿನಿಧಿಯಿಂದ ಪ್ರತಿ ಕೇಳಿ ಪಡೆಯಿರಿ.

ಪಟ್ಟಿಯಲ್ಲಿ ವಿಮಾ ಮೊತ್ತವನ್ನು ಹಲವು ಭಾಗಗಳಾಗಿ ಒಡೆದಿರುತ್ತಾರೆ. ಅತಿ ಮಳೆಗೆ ಇಷ್ಟು, ಮಳೆಯಿಲ್ಲದ ಒಣ ದಿನಗಳಿಗೆ ಇಷ್ಟು, ಉಷ್ಣಾಂಶಕ್ಕೆ ಇಷ್ಟು, ತೇವಾಂಶಕ್ಕೆ ಇಷ್ಟು ಎಂಬ ರೀತಿ. ಪ್ರತಿ ಭಾಗಕ್ಕೂ ಪ್ರತ್ಯೇಕ ಅವಧಿ ಇರುತ್ತದೆ. 1,28,000 ರೂಪಾಯಿ ಪೂರ್ತಿ ಸಿಗಬೇಕಾದರೆ ಒಂದೇ ವರ್ಷದಲ್ಲಿ ಎಲ್ಲ ಭಾಗಗಳೂ ಗರಿಷ್ಠ ಮಿತಿ ಮುಟ್ಟಬೇಕು. ಅದು ಬಹುಮಟ್ಟಿಗೆ ಆಗದ ಮಾತು.

ಪ್ರತಿ ಭಾಗದಲ್ಲೂ ಗುರುತು ಹಾಕಿಕೊಳ್ಳಬೇಕಾದ ಅಂಕಿಗಳು ಮೂರು. ಒಂದು, ಪರಿಹಾರ ಆರಂಭವಾಗುವ ಮಟ್ಟ, ಅಂದರೆ ಟ್ರಿಗರ್. ಎರಡು, ಅದನ್ನು ದಾಟಿದ ಪ್ರತಿ ಮಿಲಿಮೀಟರ್ ಅಥವಾ ಪ್ರತಿ ದಿನಕ್ಕೆ ಕೊಡುವ ದರ. ಮೂರು, ಆ ಭಾಗದ ಗರಿಷ್ಠ ಪರಿಹಾರ.

ಒಂದು ಲೆಕ್ಕ ಹಾಕಿ ನೋಡೋಣ

ಮುಂದಿನ ಮಟ್ಟ, ದರಗಳು ಲೆಕ್ಕದ ಕ್ರಮ ತಿಳಿಯಲೆಂದು ಕಲ್ಪಿಸಿಕೊಂಡವು. ನಿಮ್ಮ ಪಟ್ಟಿಯಲ್ಲಿ ಬೇರೆ ಇರುತ್ತವೆ. ಜುಲೈ 1ರಿಂದ ಆಗಸ್ಟ್ 31ರವರೆಗಿನ ಒಟ್ಟು ಮಳೆ 2,400 ಮಿ.ಮೀ. ದಾಟಿದರೆ ಪರಿಹಾರ ಆರಂಭ, ನಂತರದ ಪ್ರತಿ ಮಿ.ಮೀ.ಗೆ ಹೆಕ್ಟೇರಿಗೆ 40 ರೂಪಾಯಿ, ಗರಿಷ್ಠ 40,000 ರೂಪಾಯಿ ಎಂದು ಇಟ್ಟುಕೊಳ್ಳೋಣ.

ಪಂಚಾಯಿತಿಯ ಮಾಪಕದಲ್ಲಿ 2,650 ಮಿ.ಮೀ. ದಾಖಲಾದರೆ ಹೆಚ್ಚುವರಿ ಮಳೆ 250 ಮಿ.ಮೀ. ಅದನ್ನು 40ರಿಂದ ಗುಣಿಸಿದರೆ ಹೆಕ್ಟೇರಿಗೆ 10,000 ರೂಪಾಯಿ. ನಮ್ಮ 50 ಗುಂಟೆಗೆ ಸಿಗುವುದು ಸುಮಾರು 5,060 ರೂಪಾಯಿ. ಅದೇ ಮಾಪಕದಲ್ಲಿ 2,380 ದಾಖಲಾಗಿದ್ದರೆ ಈ ಭಾಗದಲ್ಲಿ ಬಿಡಿಗಾಸೂ ಇಲ್ಲ.

ಈಗ ತೋಟದ ಕಡೆ ನೋಡಿ. ಹತ್ತು ಕ್ವಿಂಟಲ್ ಚಾಲಿ ಬರುತ್ತಿದ್ದ ತೋಟದಲ್ಲಿ ಕೊಳೆಯಿಂದ ನಾಲ್ಕು ಕ್ವಿಂಟಲ್ ಹೋಯಿತು, ಕಿಲೋಗೆ 400 ರೂಪಾಯಿ ಹಿಡಿದರೆ ನಷ್ಟ 1,60,000 ರೂಪಾಯಿ. ಇದು ತೋಟದ ಇಡೀ ವಿಮಾ ಮೊತ್ತದ ಎರಡೂವರೆ ಪಟ್ಟು ಸಮೀಪ. ವಿಮಾ ಮೊತ್ತವನ್ನು ಅಡಿಕೆಯ ಮಾರುಕಟ್ಟೆ ಧಾರಣೆ ನೋಡಿ ನಿಗದಿ ಮಾಡುವುದಿಲ್ಲವಾದ್ದರಿಂದ, ಧಾರಣೆ ಏರಿದಷ್ಟೂ ಈ ಅಂತರ ಹಿಗ್ಗುತ್ತದೆ.

ನಷ್ಟಕ್ಕೂ ಪರಿಹಾರಕ್ಕೂ ತಾಳೆಯಾಗದಿರುವುದು ಏಕೆ?

ಮೊದಲ ಕಾರಣ ಜಾಗ. ಘಟ್ಟದ ಬುಡದಲ್ಲಿ ಮಳೆ ಹೆಚ್ಚು, ನಾಲ್ಕೈದು ಕಿಲೋಮೀಟರ್ ಆಚೆ ಬಯಲಿಗೆ ಬಂದರೆ ಕಡಿಮೆ. ಮಾಪಕ ಇರುವುದು ಬಹಳಷ್ಟು ಕಡೆ ಪಂಚಾಯಿತಿ ಕಚೇರಿಯ ಆಸುಪಾಸಿನಲ್ಲಿ, ತೋಟ ಇರುವುದು ಕಣಿವೆಯಲ್ಲಿ. ಮೇಲಿನ ಉದಾಹರಣೆಯ ತೋಟದಲ್ಲೇ ಅಳೆದು 3,100 ಮಿ.ಮೀ. ಸಿಕ್ಕಿತ್ತು ಎನ್ನಿ. ಆ ಲೆಕ್ಕದಲ್ಲಿ ಸುಮಾರು 14,000 ರೂಪಾಯಿ ಬರಬೇಕಿತ್ತು. ಆದರೆ ಕಂಪನಿ ನೋಡುವುದು ಪಂಚಾಯಿತಿಯ ಅಂಕಿಯನ್ನು ಮಾತ್ರ. ಉಷ್ಣಾಂಶ, ತೇವಾಂಶದ ವಿಷಯದಲ್ಲಿ ದೂರ ಇನ್ನೂ ಹೆಚ್ಚು, ಅವನ್ನು ಅಳೆಯುವ ಹವಾಮಾನ ಕೇಂದ್ರಗಳಿರುವುದು ಹೋಬಳಿಗಳಲ್ಲಿ.

ಎರಡನೆಯದು ಹೊತ್ತು. ಹವಾಮಾನ ಲೆಕ್ಕದ ದಿನ ಬೆಳಗಿನ 8.30ಕ್ಕೆ ಶುರುವಾಗಿ ಮರುದಿನ 8.30ಕ್ಕೆ ಮುಗಿಯುತ್ತದೆ. ನಸುಕಿನ 2 ಗಂಟೆಯಿಂದ 11ರವರೆಗೆ ಒಂದೇ ಸಮನೆ 180 ಮಿ.ಮೀ. ಸುರಿದರೂ, ದಾಖಲೆಯಲ್ಲಿ ಅದು ಒಂದು ದಿನಕ್ಕೆ 130, ಇನ್ನೊಂದು ದಿನಕ್ಕೆ 50 ಎಂದು ಒಡೆದುಹೋಗಬಹುದು. ಒಂದೇ ದಿನದ ಮಳೆ 150 ದಾಟಬೇಕೆಂಬ ಷರತ್ತಿದ್ದರೆ ಎರಡು ದಿನವೂ ಲೆಕ್ಕಕ್ಕಿಲ್ಲ. ಜೂನ್ ಕೊನೆಯ ವಾರದ ಜಡಿಮಳೆಯೂ ಹೀಗೆಯೇ. ಆ ಭಾಗದ ಅವಧಿ ಜುಲೈ 1ರಿಂದ ಎಂದಿದ್ದರೆ ಹಿಂದಿನ ದಿನ ಸುರಿದದ್ದೆಲ್ಲ ಹೊರಗೆ.

ಮೂರನೆಯ ಕಾರಣವನ್ನು ಅಡಿಕೆ ಬೆಳೆಗಾರರು ಚೆನ್ನಾಗಿ ಬಲ್ಲರು. ಕೊಳೆರೋಗ ಬರುವುದು ಒಟ್ಟು ಮಳೆಯ ಪ್ರಮಾಣದಿಂದಲ್ಲ, ಅಡಿಕೆ ಕೊನೆಗಳು ದಿನಗಟ್ಟಲೆ ಆರದೆ ಒದ್ದೆಯಾಗಿರುವುದರಿಂದ. ನೂರು ಲೀಟರ್ ನೀರಿಗೆ ತಲಾ ಒಂದು ಕಿಲೋ ಮೈಲುತುತ್ತ, ಸುಣ್ಣ ಹಾಕಿದ ಶೇ 1ರ ಬೋರ್ಡೋ ದ್ರಾವಣವನ್ನು ಮಳೆಗಾಲಕ್ಕೆ ಮೊದಲು ಒಮ್ಮೆ, 40–45 ದಿನಗಳ ನಂತರ ಮತ್ತೊಮ್ಮೆ ಹೊಡೆಯುವುದು ವಾಡಿಕೆ. ಎರಡನೇ ಸಲದ ಹೊತ್ತಿಗೆ ಹೊಳವಾಗದಿದ್ದರೆ, ಅಥವಾ ಹೊಳವಾದಾಗ ಮರ ಹತ್ತುವವರು ಸಿಗದಿದ್ದರೆ ರೋಗ ತೋಟವನ್ನು ಆವರಿಸುತ್ತದೆ. ಎರಡು ವರ್ಷ ಒಟ್ಟು ಮಳೆ ಒಂದೇ ಆಗಿರಬಹುದು, 2,300 ಮಿ.ಮೀ. ಒಂದು ವರ್ಷ ರಭಸದಿಂದ ಸುರಿದು ನಡುನಡುವೆ ಬಿಸಿಲು ಬಂತು, ಅಡಿಕೆ ಉಳಿಯಿತು. ಮರುವರ್ಷ ದಿನವಿಡೀ ಹನಿದು ಬಿಡುವೇ ಕೊಡಲಿಲ್ಲ, ಅಡಿಕೆ ಉದುರಿತು. ಒಟ್ಟು ಮಳೆ ನೋಡುವ ಷರತ್ತಿಗೆ ಈ ಎರಡು ವರ್ಷಗಳ ವ್ಯತ್ಯಾಸ ಕಾಣುವುದೇ ಇಲ್ಲ.

ಸತತ ಮಳೆ ದಿನಗಳನ್ನು ಎಣಿಸುವ ಷರತ್ತು ಇದಕ್ಕಿಂತ ವಾಸಿ. ಅಂಥದ್ದು ನಿಮ್ಮ ಪಟ್ಟಿಯಲ್ಲಿದ್ದರೆ, ‘ಮಳೆ ದಿನ’ ಎನ್ನಲು ಕನಿಷ್ಠ ಎಷ್ಟು ಮಿ.ಮೀ. ಬೇಕೆಂದು ನೋಡಿ. ಹವಾಮಾನ ಇಲಾಖೆಯ ವಾಡಿಕೆಯಲ್ಲಿ ಅದು 2.5 ಮಿ.ಮೀ. ನಡುವೆ ಒಂದು ದಿನ 2 ಮಿ.ಮೀ. ದಾಖಲಾದರೆ ಸಾಕು, ಎಣಿಕೆ ಮತ್ತೆ ಒಂದರಿಂದ ಶುರು, ಅಡಿಕೆ ಕೊನೆ ಮಾತ್ರ ಆ ದಿನವೂ ಒದ್ದೆಯೇ ಇರುತ್ತದೆ. ಎಲೆಚುಕ್ಕಿ, ಹಳದಿ ಎಲೆ ರೋಗದಂಥವು ತಂದ ನಷ್ಟವನ್ನು ಮಳೆಯ ಅಂಕಿ ನೇರವಾಗಿ ಹಿಡಿಯಲಾರದು.

ಈ ಅಂತರ ಕೆಲವೊಮ್ಮೆ ಬೆಳೆಗಾರರಿಗೆ ಅನುಕೂಲವೂ ಆಗುತ್ತದೆ. ಸಮಯಕ್ಕೆ ಸರಿಯಾಗಿ ಔಷಧಿ ಹೊಡೆದು ಬೆಳೆ ಉಳಿಸಿಕೊಂಡವರಿಗೂ ಮಾಪಕ ಟ್ರಿಗರ್ ದಾಟಿದರೆ ಅದೇ ಲೆಕ್ಕದ ಹಣ ಬರುತ್ತದೆ. ಅದು ಅವರ ಹಕ್ಕು.

ಮಳೆಗಾಲದಲ್ಲಿ ಕಣ್ಣಿಡಬೇಕಾದದ್ದು

ಪಂಚಾಯಿತಿಗಳಲ್ಲಿರುವುದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದೂರಮಾಪನ ಮಳೆಮಾಪಕಗಳು. ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಆಲಿಕೆಯಲ್ಲಿ ತರಗೆಲೆ ಸೇರಿದರೆ, ಒಳಗೆ ಜೇಡ ಬಲೆ ಕಟ್ಟಿದರೆ, ಪಕ್ಕದ ಮರ ಬೆಳೆದು ಮೇಲೆ ಬಾಗಿದರೆ ದಾಖಲೆ ಕಡಿಮೆಯಾಗುತ್ತದೆ. ಮೋಡದ ದಿನಗಳಲ್ಲಿ ಬ್ಯಾಟರಿ ಸೋತರೆ ಅಥವಾ ನೆಟ್‌ವರ್ಕ್ ಹೋದರೆ ಅಂಕಿಯೇ ಬರುವುದಿಲ್ಲ. ಆಗ ಬದಲಿ ಕೇಂದ್ರದ, ಅಂದರೆ ಹತ್ತಿರದ ಬೇರೆ ಮಾಪಕದ ಅಂಕಿಯನ್ನು ಬಳಸಲು ಯೋಜನೆಯಲ್ಲಿ ಅವಕಾಶವಿದೆ.

ಕೆಟ್ಟ ಮಾಪಕವನ್ನು ಪತ್ತೆ ಮಾಡುವುದು ಕಷ್ಟವಲ್ಲ. ಜುಲೈ ನಡುವೆ ಸುತ್ತಲಿನ ಮೂರು ಪಂಚಾಯಿತಿಗಳಲ್ಲಿ 60, 75, 80 ಮಿ.ಮೀ. ಇದ್ದು ನಿಮ್ಮಲ್ಲಿ ಮಾತ್ರ ಸೊನ್ನೆ ಅಥವಾ 4 ಎಂದಿದ್ದರೆ, ಅದೂ ಎರಡು ಮೂರು ದಿನ ಹಾಗೇ ಇದ್ದರೆ, ಅನುಮಾನವೇ ಬೇಡ. ದಿನದ ಅಂಕಿಯನ್ನು ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿಯಲ್ಲಿ (92433 45433) ಕೇಳಬಹುದು.

ಮನೆಯಲ್ಲೂ ಅಳೆದಿಡಿ. ಬಾಯಿಯಿಂದ ತಳದವರೆಗೆ ಒಂದೇ ಅಗಲದ ಪಾತ್ರೆಯಾದರೆ ನೀರಿನ ಎತ್ತರವೇ ಮಳೆಯ ಮಿಲಿಮೀಟರ್. ಬಾಟಲಿಗೆ ಆಲಿಕೆ ಇಡುವುದಾದರೆ, 20 ಸೆಂ.ಮೀ. ಬಾಯಿಯ ಆಲಿಕೆಯಲ್ಲಿ 31.4 ಮಿಲಿಲೀಟರ್ ನೀರಿಗೆ 1 ಮಿ.ಮೀ. ಮಳೆ. ಮರ, ಮಾಡಿನ ಹನಿ ಬೀಳದ ಬಯಲಲ್ಲಿಟ್ಟು ಬೆಳಗ್ಗೆ 8.30ಕ್ಕೆ ಬರೆದುಕೊಳ್ಳಿ. ಈ ಪುಸ್ತಕ ನೋಡಿ ಕಂಪನಿ ಪರಿಹಾರ ಕೊಡುವುದಿಲ್ಲ, ಆದರೆ ಮಾಪಕ ಕೆಟ್ಟಿದೆ ಎಂದು ಅಂದೇ ಹೇಳಲು ಇದೂ ಒಂದು ಆಧಾರ.

ಅನುಮಾನ ಬಂದ ವಾರದಲ್ಲೇ ಲಿಖಿತ ದೂರು ಕೊಡಿ. ವರ್ಷ ಕಳೆದು ಪರಿಹಾರ ಕಡಿಮೆ ಬಂದ ಮೇಲೆ ಹೋದರೆ ತಪ್ಪಿದ ಮಳೆಯನ್ನು ಸಾಬೀತು ಮಾಡುವುದು ಬಹಳ ಕಷ್ಟ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ ತಾಲ್ಲೂಕು ತೋಟಗಾರಿಕೆ ಕಚೇರಿಗೂ ಒಂದೊಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮಾಪಕದ ಅಂಕಿ, ಅದೇ ದಿನಗಳ ಅಕ್ಕಪಕ್ಕದ ಪಂಚಾಯಿತಿಗಳ ಅಂಕಿ, ನಿಮ್ಮ ಅಳತೆ ಈ ಮೂರನ್ನೂ ದಿನಾಂಕವಾರು ಬರೆಯಿರಿ, ಮಾಪಕದ ಫೋಟೊ ಲಗತ್ತಿಸಿ. ಒಬ್ಬರೇ ಕೊಡುವುದಕ್ಕಿಂತ ಸೊಸೈಟಿಯ ಮೂಲಕ ಅದೇ ಪಂಚಾಯಿತಿಯ ಎಲ್ಲ ವಿಮಾದಾರರು ಸಹಿ ಹಾಕಿ ಕೊಟ್ಟರೆ ತೂಕ ಹೆಚ್ಚು, ಏಕೆಂದರೆ ಒಂದು ಮಾಪಕದ ತಪ್ಪು ಅಷ್ಟೂ ಜನರ ಪರಿಹಾರವನ್ನು ತಿನ್ನುತ್ತದೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿಗೆ ಅದೇ ದೂರನ್ನು ಸ್ವೀಕೃತಿಯ ನಕಲಿನೊಂದಿಗೆ ಕಳಿಸಿ.