ಐದು ಸ್ವರ, ಒಂದು ಬ್ಲೂ ನೋಟ್: ಗಿಟಾರ್‌ನಲ್ಲಿ ಮೊದಲ ಲೀಡ್ ಕಟ್ಟುವುದು ಹೇಗೆ?

ಮೈನರ್ ಪೆಂಟಾಟಾನಿಕ್ ಸ್ಕೇಲ್ ಬೆರಳಿಗೆ ಕೂತ ಮೇಲೂ ಬಹಳ ಮಂದಿಗೆ ಲೀಡ್ ಬರುವುದಿಲ್ಲ. ಹಿಂದೆ ಕಾರ್ಡ್‌ಗಳು ಶುರುವಾದ ಕೂಡಲೇ ಕೈ ಅದೇ ಸ್ಕೇಲನ್ನು ಮೇಲಕ್ಕೂ ಕೆಳಕ್ಕೂ ಓಡಿಸುತ್ತದೆ. ಸ್ವರಗಳೆಲ್ಲ ಸರಿಯಾಗಿಯೇ ಇರುತ್ತವೆ, ಸಾಲು ಮಾತ್ರ ಹುಟ್ಟುವುದಿಲ್ಲ. ಇದಕ್ಕೆ ಮದ್ದು ಇನ್ನಷ್ಟು ಸ್ಕೇಲ್ ಕಲಿಯುವುದಲ್ಲ. ನಾಲ್ಕೈದು ಸ್ವರದ ಒಂದೇ ಸಾಲನ್ನು ಹಿಡಿದು, ಅದನ್ನು ಎಲ್ಲಿ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಕಲಿಯುವುದು. ಎ ಕೀಯಲ್ಲಿ 12 ಬಾರ್ ಬ್ಲೂಸ್ ಇಟ್ಟುಕೊಂಡು ಅದನ್ನೇ ಮಾಡೋಣ.

ಎ ಮೈನರ್ ಪೆಂಟಾಟಾನಿಕ್ ಎಂದರೆ ಎ, ಸಿ, ಡಿ, ಇ, ಜಿ. ಕರ್ನಾಟಕ ಸಂಗೀತ ಕೇಳಿದ ಕಿವಿಗೆ ಇದು ಹೊಸದಲ್ಲ. ಎ ಅನ್ನು ಷಡ್ಜ ಎಂದುಕೊಂಡರೆ ಸ ಗ ಮ ಪ ನಿ, ಅಂದರೆ ಶುದ್ಧ ಧನ್ಯಾಸಿಯ ಸ್ವರಸ್ಥಾನಗಳೇ ಸಿಗುತ್ತವೆ. ಆದರೆ ರಾಗದ ನಡೆ ಬೇರೆ, ಬ್ಲೂಸ್‌ನ ನಡೆ ಬೇರೆ.

ಗಿಟಾರ್‌ನಲ್ಲಿ 5ನೇ ಫ್ರೆಟ್‌ಗೆ ತೋರುಬೆರಳು ಇಡಿ. 7ನೇ ಫ್ರೆಟ್ ಉಂಗುರಬೆರಳಿಗೆ, 8ನೇದು ಕಿರುಬೆರಳಿಗೆ. ಸದ್ಯಕ್ಕೆ ಮೂರು ತಂತಿ ಸಾಕು. 4ನೇ ತಂತಿಯಲ್ಲಿ 5 ಮತ್ತು 7 (ಜಿ, ಎ), 3ನೇ ತಂತಿಯಲ್ಲಿ 5 ಮತ್ತು 7 (ಸಿ, ಡಿ), 2ನೇ ತಂತಿಯಲ್ಲಿ 5 ಮತ್ತು 8 (ಇ, ಜಿ). ಇದಕ್ಕೆ 3ನೇ ತಂತಿಯ 8ನೇ ಫ್ರೆಟ್ ಸೇರಿಸಿ. ಅದು ಇ-ಫ್ಲಾಟ್, ನಮ್ಮ ಲೆಕ್ಕದಲ್ಲಿ ಪ್ರತಿ ಮಧ್ಯಮ. ಗಿಟಾರ್ ಪಾಠಗಳಲ್ಲಿ ಬ್ಲೂ ನೋಟ್ ಎಂದು ಸಾಮಾನ್ಯವಾಗಿ ತೋರಿಸುವುದು ಇದನ್ನೇ.

ನಿಜಕ್ಕೂ ಬ್ಲೂ ನೋಟ್ ಒಂದೇ ಅಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ಹಾಡುಗಾರಿಕೆಯಿಂದ ಬಂದ ಬ್ಲೂಸ್‌ನಲ್ಲಿ ಮೂರನೇ, ಐದನೇ, ಏಳನೇ ಸ್ವರಗಳು ಫ್ರೆಟ್ಟಿನ ಗೆರೆಗೆ ಕಟ್ಟುಬೀಳದೆ ತುಸು ತಗ್ಗಿ, ತುಸು ಜಾರಿ ಬರುತ್ತವೆ. ಹೊಸಬರು ಮೊದಲು ಒಲಿಸಿಕೊಳ್ಳಬೇಕಾದದ್ದು ಮೂರನೆಯದನ್ನು. ಹಿಂದೆ ನುಡಿಯುವ ಎ7 ಕಾರ್ಡ್‌ನಲ್ಲಿ ಸಿ-ಶಾರ್ಪ್ ಇದೆ, ನೀವು ನುಡಿಸುವುದು ಸಿ. ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವಿನ ಈ ತಿಕ್ಕಾಟವೇ ಬ್ಲೂಸ್‌ನ ಬಣ್ಣ. ಆದರೆ ಸಿ ಮೇಲೆ ಅಲ್ಲಾಡದೆ ನಿಂತರೆ ಅದು ತಪ್ಪಿ ಬಿದ್ದ ಸ್ವರದಂತೆ ಕೇಳುವ ಅಪಾಯವಿದೆ. ಅದಕ್ಕೆ ತಂತಿಯನ್ನು ಸ್ವಲ್ಪ ಎಳೆಯಬೇಕು.

ಎಷ್ಟು ಎಳೆಯಬೇಕು ಎನ್ನುವುದನ್ನು ಕಿವಿಯಿಂದಲೇ ಅಳೆಯಿರಿ. 3ನೇ ತಂತಿಯ 6ನೇ ಫ್ರೆಟ್ ಮೀಟಿ, ಅದು ಸಿ-ಶಾರ್ಪ್. ಈಗ 5ನೇ ಫ್ರೆಟ್‌ಗೆ ಬಂದು, ಮೀಟಿದ ಮೇಲೆ ತೋರುಬೆರಳಿನಿಂದ ತಂತಿಯನ್ನು ನೆಲದ ಕಡೆಗೆ ಎಳೆಯಿರಿ. ಈಗಷ್ಟೇ ಕೇಳಿದ ಸ್ವರವನ್ನು ಮುಟ್ಟಬಾರದು, ಅರ್ಧ ದಾರಿಯಲ್ಲೇ ನಿಲ್ಲಬೇಕು. ಬೆರಳಿನ ತುದಿಯೊಂದನ್ನೇ ಬಾಗಿಸಿದರೆ ಶ್ರುತಿ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಆಗುತ್ತದೆ. ತೋರುಬೆರಳಿನ ಬುಡವನ್ನು ಗಿಟಾರಿನ ಕುತ್ತಿಗೆಗೆ ಆನಿಸಿ ಮಣಿಕಟ್ಟನ್ನು ತಿರುಗಿಸಿದರೆ ಎಳೆತ ಹಿಡಿತದಲ್ಲಿರುತ್ತದೆ.

ಇನ್ನು ಸಾಲು. ಬ್ಯಾಕಿಂಗ್ ಟ್ರ್ಯಾಕ್ ನಿಮಿಷಕ್ಕೆ 70 ಬೀಟ್‌ನ ಷಫಲ್ ಆಗಿರಲಿ. ಷಫಲ್‌ನಲ್ಲಿ ಬೀಟ್ ಎರಡು ಸಮ ಭಾಗವಾಗುವುದಿಲ್ಲ. ಪ್ರತಿ ಬೀಟಿಗೆ ‘ತಕಿಟ’ ಹೇಳಿಕೊಳ್ಳಿ. ಮೊದಲ ಸ್ವರ ‘ತ’ ಮೇಲೆ, ಎರಡನೆಯದು ‘ಟ’ ಮೇಲೆ. ಕೆಳಗಿನ ಗುರುತಿನಲ್ಲಿ & ಇರುವುದು ಆ ‘ಟ’ ಜಾಗ.

```
    1   2   &   3   &   4
G|------7---8---7---5------|
D|----------------------7--|
```

ಒಂದನೇ ಬೀಟ್ ಖಾಲಿ. ಡಿ, ಇ-ಫ್ಲಾಟ್, ಡಿ, ಸ್ವಲ್ಪ ಎಳೆದ ಸಿ, ಕೊನೆಗೆ ಎ. ಮೊದಲ ಬೀಟನ್ನು ಬಿಡುವುದಕ್ಕೆ ಕಾರಣವಿದೆ. ಡ್ರಮ್ಸ್ ಮತ್ತು ಬೇಸ್ ಅಲ್ಲಿ ಒತ್ತು ಕೊಡುತ್ತವೆ. ಅದು ಮುಗಿದ ಮೇಲೆ ಬಂದರೆ ಸಾಲು ಮಾತಿನಂತೆ ಎದ್ದು ಕೇಳುತ್ತದೆ. ಇ-ಫ್ಲಾಟ್ ಮೇಲೆ ನಿಲ್ಲಬೇಡಿ. ಅದು ಡಿ ಮತ್ತು ಇ ನಡುವಿನ ಮೆಟ್ಟಿಲು, ಪಕ್ಕದ ಸ್ವರಕ್ಕೆ ಇಳಿದಾಗಲೇ ಅದಕ್ಕೆ ಅರ್ಥ. ಸಾಲು ಕೊನೆಯಲ್ಲಿ ನೇತಾಡುತ್ತಿದೆ ಅನಿಸಿದರೆ ಬಹುಮಟ್ಟಿಗೆ ಕಾರಣ ಇದೇ: ಬೆರಳು ಇ-ಫ್ಲಾಟ್ ಮೇಲೋ ಜಿ ಮೇಲೋ ನಿಂತುಬಿಟ್ಟಿರುತ್ತದೆ.

ಕೊನೆಯ ಎ ಎರಡನೇ ಬಾರ್‌ವರೆಗೆ ಉಳಿಯಲಿ, ಆಮೇಲೆ ಕೈ ಎತ್ತಿ. 3 ಮತ್ತು 4ನೇ ಬಾರ್‌ಗಳಲ್ಲಿ ಏನೂ ನುಡಿಸಬೇಡಿ. ಕಲಿಯುವವರಿಗೆ ಕಷ್ಟವಾಗುವುದು ಇದೇ ಜಾಗ. ಬ್ಲೂಸ್ ಹಾಡಿನಲ್ಲಿ ಗಾಯಕ ಒಂದು ಸಾಲು ಹೇಳುತ್ತಾನೆ, ವಾದ್ಯ ಉತ್ತರ ಕೊಡುತ್ತದೆ. ಅದೇ ಸಾಲು ಮತ್ತೆ ಬರುತ್ತದೆ. ಮೂರನೆಯದು ಮಾತನ್ನು ಮುಗಿಸುತ್ತದೆ. ಬಿ.ಬಿ. ಕಿಂಗ್ ಹಾಡಿ ನಿಲ್ಲಿಸಿದಲ್ಲಿ ಗಿಟಾರ್ ಮಾತಾಡುತ್ತಿತ್ತು. 12 ಬಾರ್‌ಗಳು ನಾಲ್ಕು ನಾಲ್ಕರಂತೆ ಒಡೆಯುವುದು ಈ ಮೂರು ಸಾಲಿಗಾಗಿಯೇ.

ಹಾಗಾಗಿ 5ನೇ ಬಾರ್‌ನಲ್ಲಿ ಅದೇ ಸಾಲನ್ನು ಮತ್ತೆ ಹೇಳಿ. ಈಗ ಹಿಂದೆ ಇರುವುದು ಡಿ7. ಇಲ್ಲಿ ಒಂದೇ ಬದಲಾವಣೆ: ಸಿ ಸ್ವರವನ್ನು ಎಳೆಯಬೇಡಿ. ಎ7 ಮೇಲೆ ತಿಕ್ಕುತ್ತಿದ್ದ ಸಿ, ಡಿ7 ಕಾರ್ಡ್‌ನದೇ ಸ್ವರ. ಅದನ್ನು ಸಿ-ಶಾರ್ಪ್ ಕಡೆಗೆ ಎಳೆದರೆ ಕಾರ್ಡ್‌ನೊಂದಿಗೆ ಜಗಳ ಕೇಳಿಸುತ್ತದೆ. ಬೆರಳಿನ ಜಾಗ ಹಾಗೇ ಇದ್ದು ಹಿನ್ನೆಲೆ ಬದಲಾದಾಗ ಸ್ವರದ ಗುಣ ಹೇಗೆ ಬದಲಾಗುತ್ತದೆ ಎಂದು ಕಿವಿಗೆ ಗೊತ್ತಾಗುವುದು ಇಲ್ಲೇ. 7 ಮತ್ತು 8ನೇ ಬಾರ್ ಮತ್ತೆ ಮೌನ.

9ನೇ ಬಾರ್‌ನಲ್ಲಿ ಇ7 ಬರುತ್ತದೆ. ಈಗ ಉತ್ತರದ ಸಾಲು:

```
    1   2   &   3   &   4
B|------5---8---5----------|
G|------------------8---7--|
```

10ನೇ ಬಾರ್ ಡಿ7. ಅದರ ಮೊದಲ ಬೀಟ್‌ನಲ್ಲಿ 3ನೇ ತಂತಿಯ 5ನೇ ಫ್ರೆಟ್‌ನ ಸಿ ನುಡಿಸಿ, ಎಳೆಯದೆ ಹಿಡಿದಿಡಿ. ನಾಲ್ಕನೇ ಬೀಟಿನ ‘ಟ’ ಮೇಲೆ 4ನೇ ತಂತಿಯ 5ನೇ ಫ್ರೆಟ್ ಮೀಟಿ, 11ನೇ ಬಾರ್‌ನ ಮೊದಲ ಬೀಟಿಗೆ ಸರಿಯಾಗಿ 7ನೇ ಫ್ರೆಟ್‌ನ ಎ ಮೇಲೆ ಇಳಿಯಿರಿ. ಇಡೀ ಸುತ್ತಿನಲ್ಲಿ ಸಾಲು ಒಂದನೇ ಬೀಟಿನ ಮೇಲೆ ಬಂದು ಮುಗಿಯುವುದು ಇಲ್ಲೊಂದೇ ಕಡೆ. ಅದಕ್ಕೇ ಮಾತು ಮುಗಿದಂತೆ ಕೇಳುತ್ತದೆ. 12ನೇ ಬಾರ್ ಬಿಟ್ಟುಬಿಡಿ.

ಹೀಗೆ ನುಡಿಸಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಗಿಟಾರ್ ಪಕ್ಕಕ್ಕಿಟ್ಟು ಕೇಳಿ. ತಂತಿ ಬದಲಿಸುವಾಗ ಹಳೆಯ ಸ್ವರ ಗುಂಯ್ಗುಡುತ್ತಿದ್ದರೆ ಎಡಗೈ ತೋರುಬೆರಳನ್ನು ತುಸು ಮಲಗಿಸಿ ತೆಳ್ಳಗಿನ ತಂತಿಗಳನ್ನು ಮುಚ್ಚಿ, ದಪ್ಪ ತಂತಿಗಳನ್ನು ಬಲ ಅಂಗೈಯ ಅಂಚಿನಿಂದ ಅದುಮಿ. ಸಾಲು ಚಪ್ಪಟೆ ಅನಿಸಿದರೆ ಬಹುಶಃ ‘ಟ’ ಬೇಗ ಬರುತ್ತಿದೆ. ಸ್ವರ ಮರೆತು ಆ ಲಯವನ್ನು ಒಂದೇ ತಂತಿಯಲ್ಲಿ ಮೀಟಿ ಸರಿಮಾಡಿಕೊಳ್ಳಿ.

ಬ್ಯಾಕಿಂಗ್ ಟ್ರ್ಯಾಕ್ ಹುಡುಕುವಾಗಲೂ ಒಂದು ಎಚ್ಚರ ಬೇಕು. ಎ ಬ್ಲೂಸ್ ಮತ್ತು ಎ ಮೈನರ್ ಬ್ಲೂಸ್ ಬೇರೆ ಬೇರೆ. ಮೈನರ್ ಟ್ರ್ಯಾಕ್‌ನಲ್ಲಿ ಎ ಕಾರ್ಡ್‌ನಲ್ಲೇ ಸಿ ಇರುತ್ತದೆ. ಅಲ್ಲಿ ಸಾಲು ಇದೇ ನಡೆಯುತ್ತದೆ, ಆದರೆ ಸಿ ಎಳೆತ ಬೇಡ. ಇ-ಫ್ಲಾಟ್ ಒಂದೇ ಬಣ್ಣ ಕೊಡಲಿ.