‘ನಾಯಿ ಕಾಣೆ’: ಬೈಕಿನಿಂದಲೇ ಓದಿಸುವ ಎ3 ಹಾಳೆ

ಶಿರಸಿಯಲ್ಲಿ ಕಾಣೆಯಾದ ನಾಯಿಯ ನೋಟಿಸ್ ಎಂದರೆ ಒಂದು ಎ4 ಹಾಳೆ, ನಡುವೆ ಅಂಗೈಯಗಲದ ಫೋಟೊ, ಕೆಳಗೆ ಹನ್ನೆರಡು ಸಾಲಿನ ಒಕ್ಕಣೆ. ತಳಿ, ವಯಸ್ಸು, ಹಾಕಿಸಿದ ಚುಚ್ಚುಮದ್ದು, ಮನೆಯವರಿಗೆ ಊಟ ಸೇರುತ್ತಿಲ್ಲ ಎಂಬುದು, ಎಲ್ಲವೂ ಅದರಲ್ಲಿರುತ್ತದೆ. ಅಂಗಡಿ ಕಟ್ಟೆಯ ಮೇಲೆ ಕೂತವನು ಅದನ್ನು ಓದಿಯಾನು, ಆದರೆ ನಾಯಿಯನ್ನು ಕಂಡಿರುವವನು ರಸ್ತೆಯಲ್ಲಿ ಓಡಾಡುವವನು. ಅವನಿಗಾಗಿ ನಾನು ಮಾಡಿದ ಎ3 ಹಾಳೆಯನ್ನು ನೋಡಿ ಡಿಟಿಪಿಯ ಗೆಳೆಯರೇ ನಕ್ಕಿದ್ದರು. ಇಷ್ಟು ದೊಡ್ಡ ಹಾಳೆಯಲ್ಲಿ ಏಳೆಂಟೇ ಪದವಾ ಮಾರಾಯ ಅಂತ. ಮೂರನೇ ದಿನ ಕುಮಟಾ ರಸ್ತೆಯ ಕಡೆಯಿಂದ ಫೋನ್ ಬಂದ ಮೇಲೆ ಅವರೇ ಫೈಲ್ ಕೇಳಿದರು. ಹಾಗಾಗಿ ಬರೆಯುತ್ತಿದ್ದೇನೆ.

ಕಳೆದುಹೋದದ್ದು ಕಪ್ಪು ನಾಯಿ, ದೀಪಾವಳಿಯ ಪಟಾಕಿಗೆ ಬೆದರಿ ಓಡಿದ್ದು. ಲೆಕ್ಕ ಸರಳ. ಗಂಟೆಗೆ ಮೂವತ್ತು ಕಿಲೋಮೀಟರಿನಲ್ಲಿ ಬರುವ ಬೈಕು ಸೆಕೆಂಡಿಗೆ ಎಂಟು ಮೀಟರಿಗಿಂತ ಹೆಚ್ಚು ಸಾಗುತ್ತದೆ. ಹಾಳೆ ಹನ್ನೆರಡು ಮೀಟರ್ ದೂರದಲ್ಲಿ ಕಣ್ಣಿಗೆ ಬಿದ್ದರೂ ಅವನಿಗೆ ಸಿಗುವುದು ಒಂದೂವರೆ ಸೆಕೆಂಡು. ಅಷ್ಟರಲ್ಲಿ ಯಾರೂ ಹತ್ತು ಅಂಕಿ ನೆನಪಿಟ್ಟುಕೊಳ್ಳುವುದಿಲ್ಲ. ‘ನಾಯಿ, ಕಪ್ಪು’ ಎಂಬಷ್ಟು ತಲೆಗೆ ಹೋದರೆ, ಅಂಥದ್ದನ್ನು ಕಂಡವನು ಬೈಕು ನಿಲ್ಲಿಸುತ್ತಾನೆ, ಅಥವಾ ಹಿಂದೆ ಕೂತವನು ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳುತ್ತಾನೆ. ನಂಬರು ದೊಡ್ಡದಿರಬೇಕಾದದ್ದು ಆ ಫೋಟೊದಲ್ಲಿ ಸ್ಪಷ್ಟವಾಗಿ ಬರಲಿಕ್ಕೆ.

ಬೋರ್ಡು ಬರೆಯುವವರ ಹಳೆಯ ಲೆಕ್ಕದಲ್ಲಿ ಒಂದು ಇಂಚು ಎತ್ತರದ ಅಕ್ಷರವನ್ನು ಹತ್ತು ಅಡಿಯಿಂದ ಆರಾಮಾಗಿ ಓದಬಹುದು, ಕಷ್ಟಪಟ್ಟರೆ ಇಪ್ಪತ್ತೈದು ಅಡಿಯಿಂದ. ಆದರೆ ಅದು ಇಂಗ್ಲಿಷಿನ ದೊಡ್ಡಕ್ಷರಕ್ಕೆ ಹುಟ್ಟಿದ ಲೆಕ್ಕ. ಕನ್ನಡದಲ್ಲಿ ಪಾಯಿಂಟಿನ ಅರ್ಧದಷ್ಟು ಜಾಗ ಗುಡಿಸಿಗೂ ಒತ್ತಿಗೂ ಹೋಗುತ್ತದೆ. 200 ಪಾಯಿಂಟಿನಲ್ಲಿ ಅಂಕಿ ಸುಮಾರು ಐದು ಸೆಂಟಿಮೀಟರ್ ಬಂದರೆ, ‘ನ’ದ ಒಡಲು ಮೂರಕ್ಕಿಂತ ತುಸು ಹೆಚ್ಚು, ಅಷ್ಟೆ. ಮೊದಲ ಹಾಳೆ ಕೆಟ್ಟದ್ದು ಇಲ್ಲಿಯೇ. ತಲೆಬರಹ ‘ನಾಯಿ ಕಳೆದುಹೋಗಿದೆ, ದಯವಿಟ್ಟು ಹುಡುಕಿಕೊಡಿ’ ಎಂದಿತ್ತು. ಅಗಲಕ್ಕೆ ಹೊಂದಿಸಲು ಎರಡು ಸಾಲು ಮಾಡಿ 80 ಪಾಯಿಂಟಿಗಿಂತ ಕೆಳಗೆ ಇಳಿಸಬೇಕಾಯಿತು, ರಸ್ತೆಯ ಆಚೆಯಿಂದ ಹುಳು ಹರಿದ ಹಾಗೆ ಕಂಡಿತು. ‘ನಾಯಿ ಕಾಣೆ’ ಎಂದರೆ ನಾಲ್ಕೇ ಅಕ್ಷರ, ಒತ್ತಕ್ಷರ ಒಂದೂ ಇಲ್ಲ, 200 ಪಾಯಿಂಟು ಸಲೀಸಾಗಿ ಕೂರುತ್ತದೆ. ಬೆಕ್ಕಿನವರಿಗೆ ಈ ಭಾಗ್ಯವಿಲ್ಲ, ‘ಕ್ಕು’ವಿನ ಒತ್ತು ದೂರದಿಂದ ಮಸಿಯ ಚುಕ್ಕೆಯಾಗಿಬಿಡುತ್ತದೆ. ಅವರು ಸಾಲಿನ ಕೆಳಗೆ ಜಾಗ ಹೆಚ್ಚು ಬಿಡಬೇಕು, ತೆಳುವಲ್ಲದ, ತೀರಾ ದಪ್ಪವೂ ಅಲ್ಲದ ಫಾಂಟ್ ಆರಿಸಬೇಕು. ಬಹಳ ದಪ್ಪ ಫಾಂಟಿನಲ್ಲಿ ಅಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ.

ಉದ್ದಕ್ಕೆ ನಿಲ್ಲಿಸಿದ ಎ3ರಲ್ಲಿ ಅಂಚು ಬಿಟ್ಟು ಸಿಗುವ ಎತ್ತರ 400 ಮಿಲಿಮೀಟರ್. ತಲೆಬರಹಕ್ಕೆ 85, ಫೋಟೊಕ್ಕೆ 150, ಗುರುತಿನ ಒಂದು ಸಾಲಿಗೆ 35, ಉಳಿದ 130 ಪೂರ್ತಿ ನಂಬರಿಗೆ. ನಂಬರನ್ನು ಒಂದೇ ಸಾಲಿನಲ್ಲಿ ಹಾಕಿದರೆ ಅಂಕಿಯ ಎತ್ತರ ಅರ್ಧಕ್ಕೆ ಇಳಿಯುತ್ತದೆ. ಐದು ಮೇಲೆ, ಐದು ಕೆಳಗೆ ಮಾಡಿದರೆ 250 ಪಾಯಿಂಟಿನ ಆಸುಪಾಸು ಬರುತ್ತದೆ, ಅಂಕಿ ಆರು ಸೆಂಟಿಮೀಟರ್. ನಮ್ಮ ಜನ ನಂಬರು ಹೇಳುವುದೂ ಐದೈದಾಗಿಯೇ. ಎರಡು ನಂಬರು ಕೊಟ್ಟರೆ ಎರಡೂ ಸಣ್ಣದಾಗುತ್ತವೆ, ಸದಾ ಎತ್ತುವ ಒಬ್ಬರದು ಸಾಕು.

ಪ್ರಿಂಟ್ ತೆಗೆಯುವ ಮೊದಲು ಪರೀಕ್ಷೆ ಇದೆ. ಇಡೀ ವಿನ್ಯಾಸವನ್ನು 42 ಮಿಲಿಮೀಟರ್ ಎತ್ತರಕ್ಕೆ ಇಳಿಸಿ, ಕತ್ತರಿಸಿ, ಒಂದು ಮೀಟರ್ ದೂರದಲ್ಲಿ ಗೋಡೆಗೆ ಅಂಟಿಸಿ ನೋಡಿ. ಹತ್ತು ಮೀಟರಿನಿಂದ ಎ3 ಕಾಣುವುದು ಅದೇ ಅಳತೆಯಲ್ಲಿ. ಓದಲಾಗದ್ದನ್ನು ತೆಗೆದುಹಾಕಿ.

ಹೆಚ್ಚು ಹೊತ್ತು ತಿಂದದ್ದು ಫೋಟೊ. ಮನೆಯವರು ಕೊಟ್ಟದ್ದು ತೊಡೆಯ ಮೇಲೆ ಮುಖವಿಟ್ಟು ಮಲಗಿದ ಚಿತ್ರ, ಅದೂ ಸ್ಟೇಟಸ್‌ನಿಂದ ತೆಗೆದ ಸ್ಕ್ರೀನ್‌ಶಾಟ್. ದೂರದಿಂದ ನಾಯಿಯನ್ನು ಗುರುತಿಸುವುದು ಮುಖದಿಂದಲ್ಲ. ಕಿವಿ, ಬಾಲ, ಕಾಲು, ಮೈಯ ಆಕಾರದಿಂದ. ನಿಂತ, ಬದಿಯಿಂದ ತೆಗೆದ ಚಿತ್ರವನ್ನೇ ಕೇಳಿ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ನಮಗೆ ಸಿಕ್ಕ ಅಂಥ ಚಿತ್ರ ಅಡಿಕೆ ತೋಟದ ನೆರಳಿನದು. ಪ್ರಿಂಟಿನಲ್ಲಿ ಕಪ್ಪಿನ ಮೇಲೆ ಕಪ್ಪು, ಒಬ್ಬರು ‘ಇದು ಕಾಡುಹಂದಿಯಾ?’ ಎಂದು ಕೇಳಿದರು. ಹಿನ್ನೆಲೆ ಕತ್ತರಿಸಿ ತಿಳಿ ಬೂದು ಹಾಕಬೇಕು, ನೆರಳಿನ ಭಾಗವನ್ನಷ್ಟೇ ಏರಿಸಬೇಕು. ಕಣ್ಣು, ಮೂತಿ, ಎದೆಯ ಬಿಳಿ ಬೇರೆ ಬೇರೆ ಕಂಡರೆ ಸರಿ. ಎಷ್ಟು ಏರಿಸಬೇಕು ಎಂಬುದು ನನ್ನ ಅಂಗಡಿಯ ಗುಟ್ಟು, ಹೇಳುವುದಿಲ್ಲ. ಒಂದು ಸುಳಿವು: ಸಾದಾ ಝೆರಾಕ್ಸ್ ತೆಗೆದಾಗಲೂ ಅದು ನಾಯಿಯಾಗಿಯೇ ಉಳಿಯಬೇಕು. ಕಂದು ನಾಯಿ ಚಿರೆಕಲ್ಲಿನ ಅಂಗಳದಲ್ಲಿ ನಿಂತಿದ್ದರೂ ಇದೇ ಪಾಡು.

ಗುರುತಿನ ಸಾಲು: ‘ಕಪ್ಪು, ಎದೆ ಬಿಳಿ, ಕೆಂಪು ಬೆಲ್ಟ್’. ತಳಿಯ ಹೆಸರು ಬೇಡ, ಹೆಚ್ಚಿನವರಿಗೆ ಅದು ಬರೀ ಕಪ್ಪು ನಾಯಿ. ಒಂದು ಗುರುತನ್ನು ಬರೆಯದೆ ಉಳಿಸಿಕೊಳ್ಳಿ. ಈ ಸಲ ಉಳಿಸಿದ್ದು ಕಿವಿಯದು. ‘ನಾಯಿ ನನ್ನ ಹತ್ತಿರವೇ ಇದೆ, ಮೊದಲು ದುಡ್ಡು ಹಾಕಿ’ ಎಂದವನಿಗೆ ಯಾವ ಕಿವಿ ಹರಿದಿದೆ ಎಂದು ಕೇಳಿದ್ದಕ್ಕೆ ಫೋನ್ ಇಟ್ಟುಬಿಟ್ಟ. ಬಹುಮಾನದ ಮೊತ್ತ ಬರೆದರೆ ಇಂಥವು ಹೆಚ್ಚು.

ಹಣದ ಮಾತು, ನೆನಪಿದ್ದಷ್ಟು. ಮೊದಲ ಮೂವತ್ತು ಹಾಳೆಗಳನ್ನು ಇಂಕ್‌ಜೆಟ್ಟಿನಲ್ಲಿ ತೆಗೆದದ್ದು ಪೂರ್ತಿ ನಷ್ಟ. ಹಬ್ಬ ಕಳೆದರೂ ಬಿಡದ ಮಳೆಗೆ ಒಂದೇ ರಾತ್ರಿಯಲ್ಲಿ ಬಣ್ಣ ಇಳಿದು ನಂಬರೇ ಹೋಯಿತು. ಲೇಸರ್ ಪ್ರಿಂಟ್ ಒಂದಕ್ಕೆ ನಲವತ್ತರ ಹತ್ತಿರ, ಲ್ಯಾಮಿನೇಷನ್ ಮತ್ತೆ ಅಷ್ಟೇ. ಲ್ಯಾಮಿನೇಷನ್ ಮಾಡಿದ ಹಾಳೆಗೆ ಸ್ಟೇಪ್ಲರ್ ಹೊಡೆಯಬೇಡಿ, ತೂತಿನಿಂದ ನೀರು ಒಳಗಿಳಿದು ಎರಡೇ ದಿನದಲ್ಲಿ ಕಾಗದ ಉಬ್ಬುತ್ತದೆ. ಕಾಗದದ ಸುತ್ತ ಬೆರಳಗಲ ಪ್ಲಾಸ್ಟಿಕ್ ಅಂಚು ಬಿಟ್ಟು, ತೂತನ್ನು ಆ ಅಂಚಿನಲ್ಲೇ ಹೊಡೆದು ದಾರ ಕಟ್ಟಿ. ಹೊಳೆಯುವ ಲ್ಯಾಮಿನೇಷನ್ ಹೆಡ್‌ಲೈಟಿಗೆ ಕನ್ನಡಿಯಾಗುತ್ತದೆ. ಮ್ಯಾಟ್ ಸಿಗದಿದ್ದರೆ ಹಾಳೆಯನ್ನು ತುಸು ಕೆಳಕ್ಕೆ ಬಾಗಿಸಿ ಕಟ್ಟಿ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ನಂಬರ್ ಪ್ಲೇಟ್ ಅಂಗಡಿಯಲ್ಲಿ ಹಳದಿ ರೇಡಿಯಂ ಶೀಟಿನ ಮೇಲೆ ಕಪ್ಪು ಅಂಕಿ ಕತ್ತರಿಸಿ ಅಂಟಿಸಿದೆ. ರಾತ್ರಿ ಬೆಳಕು ಬಿದ್ದರೆ ಹಗಲಿಗಿಂತ ಚೆನ್ನಾಗಿ ಓದಬಹುದು. ತಿರುಗಾಮುರುಗಾ ಮಾಡಿದ್ದು, ಅಂದರೆ ಕಪ್ಪಿನ ಮೇಲೆ ಬಿಳಿ ರೇಡಿಯಂ ಅಂಕಿ, ಹೊಳಪು ಹರಡಿ 6, 8, 9 ಒಂದೇ ಥರ ಕಂಡಿತು. ದುಬಾರಿ, ನಾಲ್ಕಕ್ಕೇ ನಿಲ್ಲಿಸಿದೆ.

ಕಟ್ಟುವ ಜಾಗ ವಾಹನ ನಿಧಾನವಾಗುವಲ್ಲಿ: ಹಂಪಿನ ಪಕ್ಕ, ಬಸ್ ನಿಲ್ಲುವಲ್ಲಿ, ಘಟ್ಟ ಇಳಿಯುವ ಮೊದಲಿನ ಚಹಾ ಅಂಗಡಿಯಲ್ಲಿ. ಕರೆಂಟ್ ಕಂಬ ಬೇಡ. ಸಾರ್ವಜನಿಕ ಗೋಡೆಗೆ ಅನುಮತಿಯಿಲ್ಲದೆ ಅಂಟಿಸುವುದು 1981ರ ರಾಜ್ಯ ಕಾನೂನಿನ ಪ್ರಕಾರವೂ ತಪ್ಪು. ಅಂಗಡಿಯವರನ್ನು ಕೇಳಿದರೆ ಇಲ್ಲ ಎನ್ನುವವರು ಕಡಿಮೆ. ಕಟ್ಟಿದ ಇಪ್ಪತ್ತೆರಡು ಜಾಗವನ್ನೂ ಬರೆದಿಟ್ಟುಕೊಂಡಿದ್ದರಿಂದ, ನಾಯಿ ಸಿಕ್ಕ ಮೇಲೆ ಅರ್ಧ ದಿನದಲ್ಲಿ ಎಲ್ಲವನ್ನೂ ಬಿಚ್ಚಲಾಯಿತು. ಹತ್ತೊಂಬತ್ತು ಹಾಳೆ ಇನ್ನೂ ಗಟ್ಟಿಯಾಗಿದ್ದವು.