ಕೆಲಸ ಬಿಡುವಾಗ ಈಸಾಪ್ ಏನಾಗುತ್ತೆ? ಗ್ರಾಂಟ್ ಲೆಟರ್ ನಾನು ಓದಿಸುವ ರೀತಿ

ಬೆಂಗಳೂರಿನ ಒಂದು ಸ್ಟಾರ್ಟಪ್‌ನಲ್ಲಿ ಸಂಬಳ, ಟ್ಯಾಕ್ಸ್, ಷೇರಿನ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಕಂಪನಿಯ ಷೇರನ್ನು ಮುಂದೆ ಮೊದಲೇ ಗೊತ್ತು ಮಾಡಿದ ಬೆಲೆಗೆ ಕೊಳ್ಳುವ ಹಕ್ಕನ್ನು ನೌಕರರಿಗೆ ಕೊಡುವುದೇ ಈಸಾಪ್. ಆ ಹಕ್ಕಿಗೆ ಆಪ್ಶನ್ ಅಂತಾರೆ, ಅದನ್ನು ಕೊಟ್ಟಿದ್ದೇವೆ ಅಂತ ತಿಳಿಸುವ ಪತ್ರ ಗ್ರಾಂಟ್ ಲೆಟರ್. ಅದು ಬಂದ ದಿನ ಎಲ್ಲರೂ ಆಪ್ಶನ್ ಎಷ್ಟು ಅಂತ ಮಾತ್ರ ನೋಡುತ್ತಾರೆ. ಮತ್ತೆ ಅದನ್ನು ತೆರೆಯುವುದು ರಾಜೀನಾಮೆ ಕೊಟ್ಟ ಮೇಲೆಯೇ. ಅದಕ್ಕೇ ನಾನು ಯಾರಿಗೆ ವಿವರಿಸಿದರೂ ಕೊನೆಯಿಂದ ಶುರು ಮಾಡುತ್ತೇನೆ. "ನಾಳೆ ನೀವು ಕೆಲಸ ಬಿಟ್ಟರೆ ಏನು ಸಿಗುತ್ತೆ, ಮೊದಲು ಅದನ್ನು ನೋಡೋಣ."

ಕೆಲಸ ಬಿಡುತ್ತಿದ್ದ ಒಬ್ಬ ಇಂಜಿನಿಯರ್ ಜೊತೆ ಕೂತು ಹಾಕಿದ ಲೆಕ್ಕ ಹೇಳುತ್ತೇನೆ. ಸುಲಭವಾಗಲಿ ಅಂತ ಅಂಕಿಗಳನ್ನು ಬದಲಿಸಿದ್ದೇನೆ. ಗ್ರಾಂಟ್ ತಾರೀಕು 1 ಜುಲೈ 2021. ಆಪ್ಶನ್ 4,800. ಒಂದು ಷೇರಿಗೆ ಅವರು ಕೊಡಬೇಕಾದ ಬೆಲೆ 10 ರೂಪಾಯಿ. ವೆಸ್ಟಿಂಗ್, ಅಂದರೆ ಆ ಹಕ್ಕು ಹಂತಹಂತವಾಗಿ ಕೈಗೆ ಬರುವುದು, ನಾಲ್ಕು ವರ್ಷ, ಮೊದಲ ವರ್ಷ ಕ್ಲಿಫ್. ಅಂದರೆ ಒಂದು ವರ್ಷ ತುಂಬುವವರೆಗೆ ಏನೂ ಇಲ್ಲ, ತುಂಬಿದ ದಿನ 1,200 ಒಟ್ಟಿಗೆ, ಆಮೇಲೆ ತಿಂಗಳಿಗೆ 100. ಆ ಒಂದು ವರ್ಷ ಕಂಪನಿಯ ಜಿಪುಣತನ ಅಲ್ಲ. ಗ್ರಾಂಟ್‌ಗೂ ವೆಸ್ಟಿಂಗ್‌ಗೂ ನಡುವೆ ಕನಿಷ್ಠ ಒಂದು ವರ್ಷ ಇರಲೇಬೇಕು ಅಂತ ಕಂಪನಿ ಕಾಯ್ದೆಯ ನಿಯಮವೇ ಹೇಳುತ್ತದೆ.

ಅವರ ಕೊನೆಯ ದಿನ 20 ಮಾರ್ಚ್ 2024. ಕ್ಲಿಫ್‌ನ 1,200, ಆಮೇಲಿನ 20 ತಿಂಗಳಿಗೆ 2,000, ಒಟ್ಟು 3,200 ವೆಸ್ಟ್ ಆಗಿತ್ತು. ಉಳಿದ 1,600 ಅವತ್ತೇ ರದ್ದು. ಅದರಲ್ಲಿ ಚೌಕಾಸಿ ಇಲ್ಲ.

ಇಲ್ಲೊಂದು ಸಣ್ಣ ವಿಷಯ. ವೆಸ್ಟಿಂಗ್ ನಿಲ್ಲುವುದು ಯಾವತ್ತು? ನಮ್ಮ ಸ್ಕೀಮ್‌ನಲ್ಲಿ, ಅಂದರೆ ಈಸಾಪ್‌ನ ನಿಯಮಗಳೆಲ್ಲ ಇರುವ ಕಂಪನಿಯ ದಾಖಲೆಯಲ್ಲಿ, ಕೊನೆಯ ಕೆಲಸದ ದಿನ ಅಂತಿದೆ. ಕೆಲವು ಕಂಪನಿಗಳಲ್ಲಿ ರಾಜೀನಾಮೆ ಕೊಟ್ಟ ದಿನಕ್ಕೇ ನಿಲ್ಲುತ್ತದೆ. ಹಾಗಿದ್ದಿದ್ದರೆ ಎರಡು ತಿಂಗಳ ನೋಟಿಸ್ ಅವಧಿಯ 200 ಆಪ್ಶನ್ ಇವರ ಕೈ ತಪ್ಪುತ್ತಿತ್ತು. ಇಂಥವು ಲೆಟರ್‌ನಲ್ಲಿ ಸಿಗುವುದು ಕಮ್ಮಿ. 'ಸ್ಕೀಮ್‌ನ ನಿಯಮಗಳಿಗೆ ಒಳಪಟ್ಟು' ಅನ್ನೋ ಒಂದು ಸಾಲು ಇರುತ್ತದೆ, ನಿಜವಾದ ವಿಷಯವೆಲ್ಲ ಆ ಸ್ಕೀಮ್‌ನಲ್ಲಿರುತ್ತದೆ. ಅದರ ಪ್ರತಿ ಕೇಳಿ ತೆಗೆದುಕೊಳ್ಳಿ. ಅದರಲ್ಲಿ 'ಕಾಸ್' ಪದದ, ಅಂದರೆ ತಪ್ಪು ಮಾಡಿದ್ದಕ್ಕೆ ಕೆಲಸದಿಂದ ತೆಗೆಯುವ ಕಾರಣದ, ಅರ್ಥವನ್ನೂ ಹುಡುಕಿ. ಮೋಸ, ಗುಟ್ಟು ಹೊರಹಾಕುವುದು ಇಂಥ ಕಾರಣಕ್ಕೆ ತೆಗೆದುಹಾಕಿದರೆ ವೆಸ್ಟ್ ಆದದ್ದೂ ಹೋಗುತ್ತದೆ ಅಂತ ಸಾಮಾನ್ಯವಾಗಿ ಬರೆದಿರುತ್ತಾರೆ. ಕೆಲವರು ಎದುರಾಳಿ ಕಂಪನಿಗೆ ಸೇರುವುದನ್ನೂ ಆ ಪಟ್ಟಿಗೆ ಸೇರಿಸಿಬಿಡುತ್ತಾರೆ. ನನಗಂತೂ ಅದು ಅತಿಯಾಯಿತು ಅನ್ನಿಸುತ್ತದೆ.

"ಸರಿ ಮೇಡಂ, 3,200 ನನ್ನದೇ ಅಲ್ವಾ?" ಅಂದರು.

"ಇನ್ನೂ ಇಲ್ಲ. ಕೊಂಡುಕೊಳ್ಳೋ ಹಕ್ಕು ಮಾತ್ರ ನಿಮ್ಮದು. ಅದೂ 90 ದಿನ."

90 ದಿನ ಅಂದರೆ 18 ಜೂನ್. ಅಷ್ಟರೊಳಗೆ ಎಕ್ಸರ್ಸೈಜ್ ಮಾಡದಿದ್ದರೆ, ಅಂದರೆ ದುಡ್ಡು ಕೊಟ್ಟು ಷೇರು ಕೊಳ್ಳದಿದ್ದರೆ, ವೆಸ್ಟ್ ಆದದ್ದೂ ಕಂಪನಿಗೆ ವಾಪಸ್. ಕೊಂಡುಕೊಳ್ಳಲು ಬೇಕಾದದ್ದು ಬರೀ 32,000 ರೂಪಾಯಿ, ಅದು ದೊಡ್ಡದಲ್ಲ. ಆದರೆ ಮರ್ಚೆಂಟ್ ಬ್ಯಾಂಕರ್ ವರದಿಯ ಪ್ರಕಾರ ಷೇರಿನ ಬೆಲೆ 510 ರೂಪಾಯಿ. 10 ಕೊಟ್ಟು 510ರ ಷೇರು ತೆಗೆದುಕೊಂಡರೆ ನಡುವಿನ 500 ರೂಪಾಯಿ ಸಂಬಳ ಅಂತ ಲೆಕ್ಕ. 3,200 ಷೇರಿಗೆ 16 ಲಕ್ಷ. ಇವರದು 30% ಸ್ಲಾಬ್, ಸೆಸ್ ಸೇರಿ 31.2%. ಟ್ಯಾಕ್ಸ್ 4,99,200 ರೂಪಾಯಿ. ಅದನ್ನು ಕತ್ತರಿಸಲು ಇನ್ನು ಸಂಬಳವೇ ಇಲ್ಲವಲ್ಲ, ಹಾಗಾಗಿ ಆ ದುಡ್ಡನ್ನು ಅವರೇ ಕಂಪನಿಗೆ ಕೊಡಬೇಕು. ಒಟ್ಟು 5,31,200 ಕೈಯಿಂದ ಹಾಕಿ ಅವರು ಪಡೆಯುವುದು ಲಿಸ್ಟ್ ಆಗದ, ಸದ್ಯಕ್ಕೆ ಯಾರಿಗೂ ಮಾರಲಾಗದ ಷೇರು.

ಸ್ಟಾರ್ಟಪ್‌ಗಳಿಗೆ ಈ ಟ್ಯಾಕ್ಸ್ ಮುಂದೂಡುವ ಅವಕಾಶ ಇದೆಯಂತಲ್ಲ ಅಂತ ಅವರು ಕೇಳಿದರು. ಇದೆ, ಆದರೆ ತೆರಿಗೆ ವಿನಾಯಿತಿಗೆ ಸರ್ಕಾರದ ಪ್ರಮಾಣಪತ್ರ ಪಡೆದ ಅರ್ಹ ಸ್ಟಾರ್ಟಪ್‌ಗಳಿಗೆ ಮಾತ್ರ. ಸ್ಟಾರ್ಟಪ್ ಅಂತ ಬರೀ ನೋಂದಣಿ ಆಗಿದ್ದರೆ ಸಾಲದು. ಅದು ಇದ್ದರೂ ಕೆಲಸ ಬಿಟ್ಟ ಕೂಡಲೇ ಮುಂದೂಡಿಕೆ ಮುಗಿಯುತ್ತದೆ. ಬಿಡುವವರಿಗೆ ಅದರಿಂದ ಉಪಯೋಗ ಇಲ್ಲ.

ಎಲ್ಲ 3,200 ಒಮ್ಮೆಗೇ ತೆಗೆದುಕೊಳ್ಳಬೇಕು ಅಂತೇನಿಲ್ಲ ಎಂದು ನಮ್ಮ ಸ್ಕೀಮ್‌ನಲ್ಲಿದೆ. 1,000 ತೆಗೆದುಕೊಂಡರೆ ಬೆಲೆ 10,000, ಟ್ಯಾಕ್ಸ್ 1,56,000, ಒಟ್ಟು 1,66,000. ಮುಂದೆ ಮಾರಿದಾಗ 510ರ ಮೇಲಿನ ಲಾಭಕ್ಕಷ್ಟೇ ಮತ್ತೆ ಟ್ಯಾಕ್ಸ್. ಆದರೆ ಬೆಲೆ 100ಕ್ಕೆ ಇಳಿದರೆ ಈಗ ಕಟ್ಟಿದ ಟ್ಯಾಕ್ಸ್ ವಾಪಸ್ ಬರುವುದಿಲ್ಲ. ಅದನ್ನು ಎರಡು ಸಲ ಹೇಳಿದೆ. "ಹೋದರೂ ಪರವಾಗಿಲ್ಲ ಅನ್ನೋವಷ್ಟು ದುಡ್ಡು ಮಾತ್ರ ಹಾಕಿ."

ಅವರು 1,000 ತೆಗೆದುಕೊಂಡರು. ಉಳಿದ 2,200 ಜೂನ್‌ನಲ್ಲಿ ಕಂಪನಿಯ ಪೂಲ್‌ಗೆ ಮರಳಿದವು. ಈಗ ಹೊಸ ಗ್ರಾಂಟ್ ಕೊಡುವಾಗ ಲೆಟರ್ ಜೊತೆ ಸ್ಕೀಮ್‌ನ ಪ್ರತಿಯನ್ನೂ ಕಳಿಸುತ್ತೇನೆ. ಕೆಲಸ ಬಿಟ್ಟ ಮೇಲೆ ಎಷ್ಟು ದಿನ ಅನ್ನೋ ಸಾಲಿಗೆ ಹಳದಿ ಬಣ್ಣ ಹಚ್ಚಿರುತ್ತೇನೆ.